ಎಚ್‌ಡಿಆರ್ ಆನ್ ಮಾಡಿದರೆ ಗೇಮ್ ಬೂದು ಬೂದಾಗಿ ಕಾಣುತ್ತಿದೆಯೇ? ತಪ್ಪು ಸೆಟ್ಟಿಂಗಿನದೋ, ಪ್ಯಾನೆಲ್ಲಿನದೋ ಪತ್ತೆ ಮಾಡುವ ಬಗೆ

ನನ್ನ ತಮ್ಮ 27 ಇಂಚಿನ ಗೇಮಿಂಗ್ ಮಾನಿಟರ್ ತಗೊಂಡ. ಕಡಿಮೆ ಬೆಲೆಯದು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಎಚ್‌ಡಿಆರ್10 ಎಂದು ಬರೆದಿತ್ತು. ಹೆಚ್ಚುಕಮ್ಮಿ ಅದೇ ಮಾನಿಟರ್, ಆ ಬರಹ ಇಲ್ಲದ್ದು, ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಎಚ್‌ಡಿಆರ್ ಬೇಕು ಅಂತಲೇ ಅವನು ಸ್ವಲ್ಪ ಜಾಸ್ತಿ ಕೊಟ್ಟಿದ್ದ. ಎರಡು ದಿನಕ್ಕೆ ಫೋನ್ ಬಂತು.

"ಅಣ್ಣ, ಎಚ್‌ಡಿಆರ್ ಆನ್ ಮಾಡಿದ್ರೆ ಗೇಮ್ ಮೇಲೆ ಬೂದಿ ಎರಚಿದ ಹಾಗೆ ಕಾಣುತ್ತೆ. ಆಫ್ ಮಾಡಿದ್ರೆ ಚೆನ್ನಾಗಿದೆ. ಏನೋ ಸೆಟ್ಟಿಂಗ್ ತಪ್ಪಿರಬೇಕು, ಸ್ವಲ್ಪ ನೋಡು."

ಇದು ತುಂಬಾ ಜನರಿಗೆ ಆಗುವ ತೊಂದರೆ. ಆದರೆ ಇದರ ಹಿಂದೆ ಎರಡು ಬೇರೆ ಬೇರೆ ಕಾರಣಗಳಿವೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಂದು, ಕಂಪ್ಯೂಟರಿಗೂ ಗೇಮಿಗೂ ಮಾನಿಟರಿನ ಶಕ್ತಿ ಎಷ್ಟು ಅಂತ ತಪ್ಪಾಗಿ ತಿಳಿದಿರುವುದು. ಇದನ್ನು ಹತ್ತು ನಿಮಿಷದಲ್ಲಿ ಸರಿ ಮಾಡಬಹುದು. ಇನ್ನೊಂದು, ಪ್ಯಾನೆಲ್ಲಿಗೇ ಆ ಕೆಲಸ ಮಾಡುವ ಶಕ್ತಿ ಇಲ್ಲದಿರುವುದು. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ತಮ್ಮನ ಮಾನಿಟರಿನಲ್ಲಿ ಎರಡೂ ಇದ್ದವು. ಆದ್ದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ನಾವು ನೋಡಿದ ಕ್ರಮದಲ್ಲೇ ಬರೆಯುತ್ತೇನೆ.

ಡೆಸ್ಕ್‌ಟಾಪ್ ನೋಡಿ ತೀರ್ಮಾನ ಮಾಡಬೇಡಿ

ವಿಂಡೋಸ್ 11ರಲ್ಲಿ ಎಚ್‌ಡಿಆರ್ ಆನ್ ಮಾಡಿದ ತಕ್ಷಣ ಡೆಸ್ಕ್‌ಟಾಪಿನ ಬಣ್ಣ ಸಪ್ಪೆಯಾಗುತ್ತದೆ. ಒಳ್ಳೆಯ ಮಾನಿಟರಿನಲ್ಲೂ ಸ್ವಲ್ಪ ಹಾಗಾಗುತ್ತದೆ. ಡೆಸ್ಕ್‌ಟಾಪ್, ಬ್ರೌಸರ್, ಹಳೆಯ ಗೇಮ್‌ಗಳು ಇವೆಲ್ಲ ಸಾಮಾನ್ಯ ಚಿತ್ರಗಳು, ಅಂದರೆ ಎಸ್‌ಡಿಆರ್. ಅವನ್ನು ಎಚ್‌ಡಿಆರ್ ಸಿಗ್ನಲ್ಲಿನ ಒಳಗೆ ಕೂರಿಸುವಾಗ, ಯಾವ ಮಟ್ಟದ ಬಣ್ಣಕ್ಕೆ ಎಷ್ಟು ಬೆಳಕು ಎಂದು ಹೇಳಲು, ವಿಂಡೋಸ್ ಎಸ್‌ಆರ್‌ಜಿಬಿ ರೇಖೆಯನ್ನು ಬಳಸುತ್ತದೆ. ನಾವು ದಿನವೂ ನೋಡುವ ಹೆಚ್ಚಿನ ಮಾನಿಟರ್‌ಗಳು ಗಾಮಾ 2.2 ಎಂಬ ರೇಖೆಯಲ್ಲಿ ತೋರಿಸುತ್ತವೆ. ಎರಡಕ್ಕೂ ವ್ಯತ್ಯಾಸ ಚಿಕ್ಕದು, ಆದರೆ ಅದು ಇರುವುದು ಕಪ್ಪಿನ ಹತ್ತಿರದಲ್ಲೇ. ಅದಕ್ಕೇ ಗಾಢ ಬಣ್ಣಗಳು ಒಂದು ಕೈ ತಿಳಿಯಾಗಿ ಕಾಣುತ್ತವೆ.

ಹಾಗಾಗಿ ಪರೀಕ್ಷೆಗೆ ನಿಜವಾದ ಎಚ್‌ಡಿಆರ್ ಗೇಮ್ ಬೇಕು. ಗೇಮಿನ ಒಳಗಿನ ಸೆಟ್ಟಿಂಗಿನಲ್ಲಿ ಎಚ್‌ಡಿಆರ್ ಆನ್ ಇರಬೇಕು. ಮಾನಿಟರಿನ ಸ್ವಂತ ಮೆನುವಿನಲ್ಲೂ ಎಚ್‌ಡಿಆರ್ ಸಿಗ್ನಲ್ ಬರುತ್ತಿದೆ ಎಂದು ತೋರಿಸಬೇಕು. ಪರೀಕ್ಷೆಗೆ ರಾತ್ರಿಯ ದೃಶ್ಯವೊಂದನ್ನು ಸೇವ್ ಮಾಡಿ ಇಟ್ಟುಕೊಳ್ಳಿ. ಅದರಲ್ಲಿ ಒಂದೇ ಒಂದು ಪ್ರಖರ ದೀಪ ಇರಲಿ, ಸುತ್ತ ಕತ್ತಲೆ ಇರಲಿ. ನಾವು ಆರಿಸಿಕೊಂಡಿದ್ದು ಕಾಡಿನ ನಡುವೆ ಮರಕ್ಕೆ ಲಾಟೀನು ನೇತು ಹಾಕಿದ್ದ ಜಾಗ. ಹಗಲಿನ ದೃಶ್ಯದಲ್ಲಿ ಈ ದೋಷ ಅಷ್ಟಾಗಿ ಗೊತ್ತಾಗುವುದಿಲ್ಲ.

ಡೆಸ್ಕ್‌ಟಾಪ್ ತುಂಬಾ ಮಂಕಾಗಿದ್ದರೆ `Settings > System > Display > HDR` ಒಳಗೆ `SDR content brightness` ಎಂಬ ಸ್ಲೈಡರ್ ಇದೆ, ಅದನ್ನು ಏರಿಸಿ. ಅದು ಎಚ್‌ಡಿಆರ್ ಗೇಮಿನ ಮೇಲೆ ಏನೂ ಪರಿಣಾಮ ಬೀರುವುದಿಲ್ಲ.

ಇನ್ನೊಂದು ಸಣ್ಣ ಪರೀಕ್ಷೆ ಇಲ್ಲೇ ಮಾಡಿಬಿಡಿ. `Win + Alt + B` ಒತ್ತಿದರೆ ಎಚ್‌ಡಿಆರ್ ಆಫ್ ಆಗುತ್ತದೆ, ಮತ್ತೆ ಒತ್ತಿದರೆ ಆನ್. ಆಫ್ ಮಾಡಿದಾಗಲೂ ಕಪ್ಪು ಬೂದಾಗಿಯೇ ಇದ್ದರೆ ಅದು ಎಚ್‌ಡಿಆರ್ ತೊಂದರೆಯಲ್ಲ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಕಂಪ್ಯೂಟರ್ ಕಿರಿದಾದ ವ್ಯಾಪ್ತಿಯ ಬಣ್ಣ ಕಳಿಸುತ್ತಿರಬಹುದು, ಮಾನಿಟರ್ ಪೂರ್ತಿ ವ್ಯಾಪ್ತಿಯದೆಂದು ಭಾವಿಸಿರಬಹುದು. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗಿನಲ್ಲಿ `Full` ಆರಿಸಿದರೆ ಮುಗಿಯಿತು. ತಮ್ಮನದರಲ್ಲಿ ಆಫ್ ಮಾಡಿದಾಗ ಕಪ್ಪು ಸರಿಯಾಗಿತ್ತು. ಆದ್ದರಿಂದ ಇದನ್ನು ಬಿಟ್ಟು ಮುಂದೆ ಹೋದೆವು.

ಮಾನಿಟರ್ ತನ್ನ ಬಗ್ಗೆ ಏನು ಹೇಳಿಕೊಂಡಿದೆ

ಎಚ್‌ಡಿಆರ್ ಗೇಮ್ ಚಿತ್ರ ಬಿಡಿಸುವ ಮುಂಚೆ ಒಂದು ವಿಷಯ ತಿಳಿದುಕೊಳ್ಳಬೇಕು: ಈ ಪರದೆ ಹೆಚ್ಚೆಂದರೆ ಎಷ್ಟು ಬೆಳಕು ಕೊಡಬಲ್ಲದು? ಬೆಳಕಿನ ಅಳತೆ ನಿಟ್ಸ್. ಆ ಉತ್ತರ ಮಾನಿಟರಿನಿಂದ ವಿಂಡೋಸ್‌ಗೆ, ಅಲ್ಲಿಂದ ಎಷ್ಟೋ ಗೇಮ್‌ಗಳಿಗೆ ಹೋಗುತ್ತದೆ. ಆ ಸಂಖ್ಯೆ ಏನೆಂದು ನೀವೇ ನೋಡಬಹುದು. ಎಚ್‌ಡಿಆರ್ ಆನ್ ಇಟ್ಟು ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಟೈಪ್ ಮಾಡಿ:

```
dxdiag /t %USERPROFILE%\Desktop\hdr.txt
```

ಸ್ವಲ್ಪ ಹೊತ್ತಿನಲ್ಲಿ ಡೆಸ್ಕ್‌ಟಾಪಿನಲ್ಲಿ ಒಂದು ಫೈಲ್ ಬರುತ್ತದೆ. ಅದನ್ನು ತೆರೆದು `Luminance` ಎಂದು ಹುಡುಕಿ. ತಮ್ಮನ ಕಂಪ್ಯೂಟರಿನಲ್ಲಿ ಸಿಕ್ಕ ಸಂಖ್ಯೆಗಳು ಇವು:

```
Min Luminance = 0.010000
Max Luminance = 1499.000000
MaxFullFrameLuminance = 799.000000
```

ಇದನ್ನು ನೋಡಿ ಅವನಿಗೆ ಖುಷಿಯೋ ಖುಷಿ. "1499 ನಿಟ್ಸ್ ಅಂತೆ ಅಣ್ಣ!" ಆದರೆ ಮಾನಿಟರಿನ ವಿವರ ಪುಸ್ತಕದಲ್ಲಿ 350 ನಿಟ್ಸ್ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. 1499 ಮತ್ತು 799 ಎಂಬ ಜೋಡಿ ಕಂಡರೆ ಅದು ಅಳೆದ ಸಂಖ್ಯೆಯಲ್ಲ ಅಂತ ತಿಳಿಯಿರಿ. ಮಾನಿಟರ್ ತನ್ನ ಬೆಳಕಿನ ಮಿತಿಯನ್ನು ಹೇಳದೇ ಖಾಲಿ ಬಿಟ್ಟಾಗ ವಿಂಡೋಸ್ ತಾನಾಗಿ ತುಂಬಿಕೊಳ್ಳುವ ಸಂಖ್ಯೆಗಳು ಅವು.

ಇದರಿಂದ ಏನಾಗುತ್ತದೆ ನೋಡಿ. ಗೇಮ್ ಪಾಪ ಅದನ್ನೇ ನಂಬುತ್ತದೆ. ಲಾಟೀನಿನ ಜ್ವಾಲೆಯನ್ನು 1400 ನಿಟ್ಸ್‌ಗೆ ಬಿಡಿಸುತ್ತದೆ, ಜ್ವಾಲೆಯ ಸುತ್ತಲಿನ ಗಾಜನ್ನು 700ಕ್ಕೆ, ಬೆಳಕು ಬಿದ್ದ ಕೊಂಬೆಯನ್ನು 400ಕ್ಕೆ. ಪರದೆಯ ಮಿತಿ 350. ಹಾಗಾಗಿ ಮೂರೂ 350ಕ್ಕೇ ಬಂದು ನಿಲ್ಲುತ್ತವೆ. ಜ್ವಾಲೆ, ಗಾಜು, ಕೊಂಬೆ ಎಲ್ಲ ಸೇರಿ ಒಂದೇ ಬಿಳಿ ತೇಪೆ. ಕೆಲವು ಮಾನಿಟರ್‌ಗಳು ಹಾಗೆ ಕತ್ತರಿಸುವ ಬದಲು ಇಡೀ ಚಿತ್ರವನ್ನು ಕೆಳಕ್ಕೆ ಅಮುಕಿ ಮಿತಿಯೊಳಗೆ ಹೊಂದಿಸುತ್ತವೆ. ಆಗ ಬಿಳಿ ತೇಪೆ ಇರುವುದಿಲ್ಲ, ಆದರೆ ಇಡೀ ಚಿತ್ರ ಮಂಕಾಗುತ್ತದೆ. ನಿಮ್ಮ ಮಾನಿಟರಿನಲ್ಲಿ ಇವೆರಡರಲ್ಲಿ ಯಾವುದು ಕಾಣುತ್ತಿದೆ ಎಂದು ಗಮನಿಸಿ.

ಇದಕ್ಕೆ ಮದ್ದು ಇದೆ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ `Windows HDR Calibration` ಎಂಬ ಉಚಿತ ಆ್ಯಪ್ ಸಿಗುತ್ತದೆ. ಅದು ಒಂದಾದ ಮೇಲೊಂದು ಮಾದರಿ ಚಿತ್ರ ತೋರಿಸುತ್ತದೆ. ಸ್ಲೈಡರ್ ಸರಿಸುತ್ತಾ ಹೋಗಬೇಕು. ಚಿತ್ರದೊಳಗಿನ ಗುರುತು ಎಲ್ಲಿ ಕಾಣದಂತಾಗುತ್ತದೋ ಅಲ್ಲಿ ನಿಲ್ಲಿಸಬೇಕು. ಮೊದಲು ಅತಿ ಕಡಿಮೆ ಬೆಳಕು, ಆಮೇಲೆ ಅತಿ ಹೆಚ್ಚು ಬೆಳಕು, ಕೊನೆಗೆ ಇಡೀ ಪರದೆ ಬೆಳಗಿದಾಗಿನ ಹೆಚ್ಚಿನ ಬೆಳಕು. ಕೋಣೆಯಲ್ಲಿ ನೀವು ಆಡುವಾಗ ಇರುವಷ್ಟೇ ಬೆಳಕು ಇರಲಿ.

ತಮ್ಮನ ಮಾನಿಟರಿನಲ್ಲಿ ಹೆಚ್ಚಿನ ಬೆಳಕಿನ ಗುರುತು 370ರ ಹತ್ತಿರ ಮಾಯವಾಯಿತು. ಇಡೀ ಪರದೆಯ ಪರೀಕ್ಷೆಯಲ್ಲೂ ಅಷ್ಟೇ. ಪ್ರೊಫೈಲ್ ಉಳಿಸಿ, ಗೇಮ್ ಮುಚ್ಚಿ ಮತ್ತೆ ತೆರೆದೆವು. ಗೇಮಿನ ಒಳಗೂ ಗರಿಷ್ಠ ಬೆಳಕು ಎಂಬ ಸ್ಲೈಡರ್ ಬೇರೆಯಾಗಿ ಇತ್ತು, ಅದನ್ನೂ 370ಕ್ಕೆ ಇಟ್ಟೆವು. ಎಷ್ಟೋ ಗೇಮ್‌ಗಳು ವಿಂಡೋಸ್ ಹೇಳಿದ್ದನ್ನು ಕೇಳದೆ ತಮ್ಮ ಸ್ಲೈಡರನ್ನೇ ನೋಡುತ್ತವೆ, ಆದ್ದರಿಂದ ಎರಡೂ ಕಡೆ ನೋಡಲೇಬೇಕು.

ಲಾಟೀನಿನ ಗಾಜು ಕಾಣಿಸಿತು. ಒಳಗಿನ ಜ್ವಾಲೆಯ ಆಕಾರವೂ ಬಂತು. ಅರ್ಧ ರೋಗ ವಾಸಿಯಾಯಿತು. ಆದರೆ ಮರಗಳ ಹಿಂದಿನ ಆಕಾಶ? ಅದು ಹಾಗೇ ಬೂದು.

ಕತ್ತಲೆ ಕೋಣೆಯ ಪರೀಕ್ಷೆ

ಇಲ್ಲಿಂದ ಮುಂದೆ ಸೆಟ್ಟಿಂಗ್ ಬಿಟ್ಟು ಪ್ಯಾನೆಲ್ ನೋಡಬೇಕು. ಇದಕ್ಕೆ ಯಾವ ಉಪಕರಣವೂ ಬೇಡ. ರಾತ್ರಿ ಆಗಲಿ, ದೀಪ ಆರಿಸಿ, ಎರಡು ನಿಮಿಷ ಕಣ್ಣು ಹೊಂದಿಕೊಳ್ಳಲಿ. ಪೇಂಟ್ ಆ್ಯಪಿನಲ್ಲಿ ಇಡೀ ಕಪ್ಪು ಚಿತ್ರ ಮಾಡಿ, ನಡುವೆ ಬೆರಳಿನ ಉಗುರಿನಷ್ಟು ಬಿಳಿ ಚೌಕ ಇಡಿ. ಎಚ್‌ಡಿಆರ್ ಆನ್ ಇಟ್ಟು ಪೂರ್ತಿ ಪರದೆಯಲ್ಲಿ ತೋರಿಸಿ. ಈಗ ಬಿಳಿಯನ್ನು ನೋಡಬೇಡಿ. ಕಪ್ಪನ್ನು ನೋಡಿ.

ಕಪ್ಪು ಭಾಗವೆಲ್ಲ ಒಂದೇ ಸಮ ಮಸುಕಾಗಿ ಬೆಳಗುತ್ತಿದ್ದರೆ, ಪರದೆಯ ಅಂಚು ಎಲ್ಲಿದೆ ಎಂದು ಕತ್ತಲಲ್ಲೂ ಕಾಣುತ್ತಿದ್ದರೆ, ಹಿಂದಿನ ದೀಪವೆಲ್ಲ ಒಟ್ಟಿಗೇ ಉರಿಯುತ್ತಿದೆ ಎಂದರ್ಥ. ಲೋಕಲ್ ಡಿಮ್ಮಿಂಗ್, ಅಂದರೆ ಬೇಕಾದ ಕಡೆ ಮಾತ್ರ ಬೆಳಕು ಇಳಿಸುವ ವ್ಯವಸ್ಥೆ, ಇಲ್ಲವೇ ಇಲ್ಲ. ಅಥವಾ ಇದ್ದರೂ ಮಾನಿಟರಿನ ಮೆನುವಿನಲ್ಲಿ ಆಫ್ ಆಗಿದೆ. ಮೊದಲು ಆ ಮೆನು ನೋಡಿ. ಒಳ್ಳೆಯ ಮಾನಿಟರ್ ತಂದು, ಈ ಒಂದು ಆಯ್ಕೆ ಆಫ್ ಇದೆ ಅಂತ ಗೊತ್ತಿಲ್ಲದೆ ತಿಂಗಳುಗಟ್ಟಲೆ ಬೇಜಾರು ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

ಇನ್ನೊಂದು ಸಾಧ್ಯತೆ: ಬಿಳಿ ಚೌಕ ಇರುವ ಕಡೆ ಮೇಲಿನಿಂದ ಕೆಳತನಕ ಒಂದು ಕಂಬದ ಹಾಗೆ ಬೆಳಕು, ಅದರ ಎರಡೂ ಪಕ್ಕದಲ್ಲಿ ಗಾಢ ಕಪ್ಪು. ಮೌಸ್ ಬಾಣವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಎಳೆಯಿರಿ. ಕಂಬವೂ ಹೆಜ್ಜೆ ಹೆಜ್ಜೆಯಾಗಿ ಜೊತೆಗೆ ಬರುತ್ತದೆ. ಎಷ್ಟು ಸಲ ನೆಗೆಯಿತು ಅಂತ ಎಣಿಸಿ ಒಂದು ಸೇರಿಸಿದರೆ ಎಷ್ಟು ಝೋನ್, ಅಂದರೆ ಬೇರೆ ಬೇರೆಯಾಗಿ ಹತ್ತಿ ಆರುವ ದೀಪದ ಭಾಗಗಳು, ಇವೆ ಎಂದು ಗೊತ್ತಾಗುತ್ತದೆ. ಇವು ಅಂಚಿನಲ್ಲಿ ಎಲ್‌ಇಡಿ ಇಟ್ಟ ಮಾನಿಟರ್‌ಗಳು. ಸಾಮಾನ್ಯವಾಗಿ 8 ಅಥವಾ 16 ಝೋನ್ ಇರುತ್ತವೆ. 2560 ಪಿಕ್ಸೆಲ್ ಅಗಲದ ಪರದೆಯಲ್ಲಿ 8 ಕಂಬ ಅಂದರೆ ಒಂದೊಂದೂ 320 ಪಿಕ್ಸೆಲ್ ಅಗಲ. ಗೇಮಿನಲ್ಲಿ ಒಂದು ಟಾರ್ಚ್ ಹಿಡಿದು ನಡೆದರೆ ಆಕಾಶದಿಂದ ನೆಲದ ತನಕ ಬೆಳಕಿನ ಪಟ್ಟಿಯೊಂದು ಹಿಂಬಾಲಿಸುತ್ತದೆ. ನನ್ನ ಪ್ರಕಾರ ಇದು ಏನೂ ಇಲ್ಲದ್ದಕ್ಕಿಂತ ಹೆಚ್ಚು ಕಿರಿಕಿರಿ. ಆಫ್ ಮಾಡಿಯೇ ಆಡುವುದು ಮೇಲು.

ಮೂರನೆಯದು: ಚೌಕ ಇದ್ದಾಗ ಇಡೀ ಪರದೆ ಬೆಳಗುತ್ತದೆ, ಚೌಕ ತೆಗೆದರೆ ಇಡೀ ಪರದೆ ಕಪ್ಪಾಗುತ್ತದೆ. ಇಲ್ಲಿ ದೀಪವನ್ನು ಒಟ್ಟಾರೆ ಏರಿಸಿ ಇಳಿಸುತ್ತಿದ್ದಾರೆ, ಅಷ್ಟೇ. ಗೇಮಿನಲ್ಲಿ ಇದರ ಗುರುತು ಏನೆಂದರೆ, ಕತ್ತಲ ದೃಶ್ಯದಲ್ಲಿ ನಕ್ಷೆ ಅಥವಾ ಮೆನು ತೆರೆದ ತಕ್ಷಣ ಹಿಂದಿನ ಕತ್ತಲೆಯೂ ಬೆಳಗುತ್ತದೆ.

ತಮ್ಮನದು ಮೊದಲನೇ ಥರದ್ದು. ಮೆನುವಿನಲ್ಲಿ ಲೋಕಲ್ ಡಿಮ್ಮಿಂಗ್ ಎಂಬ ಹೆಸರೇ ಇರಲಿಲ್ಲ. ಎಚ್‌ಡಿಆರ್ ಆನ್ ಆದಾಗ ಬ್ರೈಟ್‌ನೆಸ್ ಆಯ್ಕೆಯೂ ಮಂಕಾಗಿ, ಒತ್ತಲು ಬಾರದಂತೆ ಆಗಿತ್ತು.

ಆಫ್ ಮಾಡಿದರೆ ಚೆನ್ನಾಗಿ ಕಾಣುವುದು ಯಾಕೆ

ಆ ಒತ್ತಲು ಬಾರದ ಬ್ರೈಟ್‌ನೆಸ್‌ನಲ್ಲೇ ಉತ್ತರ ಇದೆ. ಎಲ್‌ಸಿಡಿ ಪರದೆಯಲ್ಲಿ ಹಿಂದೆ ದೀಪ, ಮುಂದೆ ಕವಾಟ. ಕವಾಟ ಪೂರ್ತಿ ಮುಚ್ಚಿದರೂ ಸ್ವಲ್ಪ ಬೆಳಕು ಸೋರುತ್ತದೆ. ಐಪಿಎಸ್ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ ಸಾವಿರದಲ್ಲಿ ಒಂದು ಪಾಲು ಸೋರುತ್ತದೆ. ಕಾಂಟ್ರಾಸ್ಟ್ 1000:1 ಎಂದು ಬರೆಯುವುದು ಇದನ್ನೇ. ವಿಎ ಪ್ಯಾನೆಲ್ ಆದರೆ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು.

ಎಚ್‌ಡಿಆರ್ ಆಫ್ ಇದ್ದಾಗ ತಮ್ಮ ಬ್ರೈಟ್‌ನೆಸ್ ಕಡಿಮೆ ಇಟ್ಟುಕೊಂಡಿದ್ದ. ಬಿಳಿ 120 ನಿಟ್ಸ್ ಅಂತ ಇಟ್ಟುಕೊಳ್ಳೋಣ. ಕಪ್ಪು ಅದರ ಸಾವಿರದಲ್ಲಿ ಒಂದು, ಅಂದರೆ 0.12 ನಿಟ್ಸ್. ಎಚ್‌ಡಿಆರ್ ಆನ್ ಮಾಡಿದ ಕೂಡಲೇ ಮಾನಿಟರ್ ಹಿಂದಿನ ದೀಪವನ್ನು ಕೊನೆಯ ತನಕ ತಿರುಗಿಸಿತು, 350 ನಿಟ್ಸ್. ಕಪ್ಪು 0.35 ಆಯಿತು. ಹೆಚ್ಚುಕಮ್ಮಿ ಮೂರು ಪಟ್ಟು. ರಾತ್ರಿಯ ಕಾಡಿನಲ್ಲಿ ಪರದೆಯ ಬಹುಪಾಲು ಕಪ್ಪೇ ಇರುವುದು. ಅದೆಲ್ಲ ಮೂರು ಪಟ್ಟು ಬೆಳಗಿದರೆ ಬೂದಿ ಎರಚಿದ ಹಾಗೆ ಕಾಣದೆ ಇನ್ನೇನು?

ಅದಕ್ಕೆ ಬದಲಾಗಿ ಸಿಕ್ಕಿದ್ದಾದರೂ ಎಷ್ಟು? ಎಚ್‌ಡಿಆರ್‌ನಲ್ಲಿ ಮಾಮೂಲಿ ಬಿಳಿ, ಉದಾಹರಣೆಗೆ ಬಿಳಿ ಕಾಗದ, 203 ನಿಟ್ಸ್ ಇರಲಿ ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.2408 ವರದಿ ಹೇಳುತ್ತದೆ. ಅದಕ್ಕಿಂತ ಮೇಲಿರುವ ಬೆಳಕೆಲ್ಲ ಸೂರ್ಯ, ಬೆಂಕಿ, ಕಿಡಿ, ನೀರಿನ ಹೊಳಪು ಇಂಥವುಗಳಿಗೆ ಮೀಸಲು. 350ರ ಪರದೆಯಲ್ಲಿ ಕಾಗದಕ್ಕಿಂತ ಬೆಂಕಿ 1.7 ಪಟ್ಟು ಮಾತ್ರ ಪ್ರಖರ. ಕಣ್ಣಿಗೆ ಅದು ದೊಡ್ಡ ವ್ಯತ್ಯಾಸವೇ ಅಲ್ಲ. 1000 ನಿಟ್ಸ್ ಕೊಡುವ ಪರದೆಯಲ್ಲಿ ಸುಮಾರು 5 ಪಟ್ಟು. ಆಗ ಬೆಂಕಿ ಬೆಂಕಿಯಾಗಿ ಕಾಣುತ್ತದೆ. ಗೇಮಿನಲ್ಲಿ ಪೇಪರ್ ವೈಟ್ ಎಂಬ ಸ್ಲೈಡರ್ ಇದ್ದರೆ ಅದನ್ನು 100ಕ್ಕೆ ಇಳಿಸಿ 3.5 ಪಟ್ಟು ಮಾಡಿಕೊಳ್ಳಬಹುದು. ನಾವೂ ಮಾಡಿ ನೋಡಿದೆವು. ಲಾಟೀನು ಎದ್ದು ಕಂಡಿತು. ಆದರೆ ಕಾಡೆಲ್ಲ 100 ನಿಟ್ಸ್‌ನ ಕೆಳಗೆ ಹೋಯಿತು, ಕಪ್ಪು ಮಾತ್ರ 0.35ರಲ್ಲೇ ನಿಂತಿತು. ಕಾಡಿಗೂ ಕತ್ತಲಿಗೂ ಇರುವ ಅಂತರ ಇನ್ನೂ ಕಡಿಮೆಯಾಯಿತು. ಮೊದಲಿಗಿಂತ ಬೂದು!

ಎಚ್‌ಡಿಆರ್ ಅಂದರೆ ಒಂದೇ ಚಿತ್ರದಲ್ಲಿ, ಒಂದೇ ಹೊತ್ತಿನಲ್ಲಿ, ಒಂದು ಕಡೆ ಪ್ರಖರ ಬೆಳಕು ಇನ್ನೊಂದು ಕಡೆ ನಿಜವಾದ ಕತ್ತಲೆ. ಪರದೆಗೆಲ್ಲ ಒಂದೇ ದೀಪ ಇದ್ದರೆ ಇದು ಆಗುವ ಮಾತಲ್ಲ. ದೀಪವನ್ನು ತುಂಡು ತುಂಡಾಗಿ ಹತೋಟಿಯಲ್ಲಿ ಇಡಬೇಕು. ಬಾಕಿ ಎಲ್ಲ ಗುಣಗಳೂ ಇದರ ನಂತರ.

ಹಾಗಾದರೆ ಡಬ್ಬದ ಮೇಲಿನ ಬರಹ?

ಎಚ್‌ಡಿಆರ್10 ಸಪೋರ್ಟ್, ಎಚ್‌ಡಿಆರ್ ರೆಡಿ ಅಂತೆಲ್ಲ ಬರೆದಿದ್ದರೆ ಮಾನಿಟರ್ ಆ ಸಿಗ್ನಲ್ಲನ್ನು ಒಪ್ಪಿಕೊಳ್ಳುತ್ತದೆ, ಅಷ್ಟೇ. ಆ ಸಿಗ್ನಲ್ 10,000 ನಿಟ್ಸ್ ತನಕದ ಬೆಳಕನ್ನು ಹೇಳಬಲ್ಲದು. ಹೇಳಿದ್ದನ್ನು ತೋರಿಸುತ್ತೇನೆ ಅಂತ ಆ ಬರಹ ಎಲ್ಲೂ ಮಾತು ಕೊಟ್ಟಿಲ್ಲ.

ಇದನ್ನು ಸರಿಪಡಿಸಲೆಂದೇ ವೆಸಾ ಸಂಸ್ಥೆ 2017ರ ಕೊನೆಯಲ್ಲಿ ಡಿಸ್‌ಪ್ಲೇಎಚ್‌ಡಿಆರ್ ಎಂಬ ದರ್ಜೆಗಳನ್ನು ತಂದಿತು. 400, 600, 1000 ಹೀಗೆ. ಆ ಸಂಖ್ಯೆ ಪರದೆ ಮುಟ್ಟಬೇಕಾದ ಗರಿಷ್ಠ ನಿಟ್ಸ್. ಒಳ್ಳೆಯ ಪ್ರಯತ್ನವೇ. ಆದರೆ ಕೆಳಗಿನ ದರ್ಜೆಯಾದ 400ಕ್ಕೆ ಲೋಕಲ್ ಡಿಮ್ಮಿಂಗ್ ಬೇಕೇ ಬೇಕು ಎಂಬ ನಿಯಮ ಇಡಲಿಲ್ಲ. ಕಪ್ಪು 0.4 ನಿಟ್ಸ್ ತನಕ ಇರಬಹುದು ಎಂದು ಬಿಟ್ಟರು. ತಮ್ಮನ ಮಾನಿಟರಿನ ಕಪ್ಪು 0.35 ಇತ್ತು ಅಲ್ವಾ? ಅಂದರೆ ಆ ಬೂದು ಆಕಾಶ ಆಗಿನ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತಿತ್ತು. 600ರ ದರ್ಜೆಗೆ 0.1, 1000ಕ್ಕೆ 0.05 ಎಂದು ಬಿಗಿ ಮಾಡಿದ್ದರು. 2024ರಲ್ಲಿ ನಿಯಮಗಳನ್ನು ಪರಿಷ್ಕರಿಸಿ 400ರ ದರ್ಜೆಯನ್ನೂ ಸ್ವಲ್ಪ ಬಿಗಿಗೊಳಿಸಿದರು. ಆದರೂ ನನ್ನ ಸಲಹೆ ಬದಲಾಗುವುದಿಲ್ಲ: ಬರೀ 400 ಎಂದಿದ್ದರೆ ಎಚ್‌ಡಿಆರ್‌ಗಾಗಿ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಡಿ.

ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಟ್ರೂ ಬ್ಲ್ಯಾಕ್ 400 ಎಂಬ ಇನ್ನೊಂದು ದರ್ಜೆ ಇದೆ. ಸಂಖ್ಯೆ ಅದೇ 400. ಆದರೆ ಇದರಲ್ಲಿ ಕಪ್ಪು 0.0005 ನಿಟ್ಸ್ ಮೀರುವಂತಿಲ್ಲ. ಬರೀ 400ರ ಮೊದಲಿನ ಮಿತಿಗೆ ಹೋಲಿಸಿದರೆ 800 ಪಟ್ಟು ಕತ್ತಲು. ಇದು ಓಲೆಡ್ ಪರದೆಗಳಿಗೆ ಎಂದು ಮಾಡಿದ ದರ್ಜೆ. ಟ್ರೂ ಬ್ಲ್ಯಾಕ್ ಎಂಬ ಎರಡು ಪದ ಸಂಖ್ಯೆಯ ಮುಂದೆ ಇದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ. ಪ್ರಮಾಣಪತ್ರ ಪಡೆದ ಮಾದರಿಗಳ ಪಟ್ಟಿಯನ್ನು ವೆಸಾ ತನ್ನ ತಾಣದಲ್ಲಿ ಇಟ್ಟಿದೆ. ಲೋಗೋ ಹಾಗೆ ಕಾಣುವ ಸ್ವಂತ ಬರಹ ಹಾಕಿಕೊಂಡ ಮಾನಿಟರ್ ಇದ್ದರೆ ಅಲ್ಲಿ ಹುಡುಕಿ ನೋಡಿ.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇತ್ತೀಚಿನ ಯಾವ ಗೇಮಿಂಗ್ ಕಾರ್ಡಾದರೂ ಎಚ್‌ಡಿಆರ್ ಕಳಿಸುತ್ತದೆ. ಹಳೆಯ ಎಚ್‌ಡಿಎಂಐ 2.0 ಕೇಬಲ್ ಮಾತ್ರ 4ಕೆ ಗಾತ್ರದಲ್ಲಿ 60 ಫ್ರೇಮಿಗೆ 10 ಬಿಟ್‌ನ ಪೂರ್ತಿ ಬಣ್ಣವನ್ನು ಹೊರಲಾರದು. ಆಗ ಅಕ್ಷರದ ಅಂಚು ಮಸುಕಾಗಬಹುದು. ಚಿತ್ರ ಬೂದಾಗುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಿಜವಾಗಿ ಕೆಲಸ ಮಾಡುವ ಎರಡು ಬಗೆ

ಒಂದು ಮಿನಿ ಎಲ್‌ಇಡಿ. ಎಲ್‌ಸಿಡಿಯೇ, ಆದರೆ ಹಿಂದೆ ನೂರಾರು ಝೋನ್‌ಗಳಲ್ಲಿ ಸಣ್ಣ ದೀಪಗಳು. 4ಕೆ ಮಾನಿಟರ್‌ಗಳಲ್ಲಿ 576 ಅಥವಾ 1152 ಝೋನ್ ಇರುವುದು ಸಾಮಾನ್ಯ. 1000 ನಿಟ್ಸ್ ದಾಟುವುದು ಇವಕ್ಕೆ ಕಷ್ಟವಲ್ಲ, ಹಗಲು ಬೆಳಕಿನ ಕೋಣೆಗೂ ಹೊಂದುತ್ತವೆ. ಆದರೆ ಲೆಕ್ಕ ಹಾಕಿ: 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. 576 ಝೋನ್ ಇದ್ದರೆ ಒಂದು ಝೋನಿನ ಪಾಲಿಗೆ 14,400 ಪಿಕ್ಸೆಲ್. ಒಂದು ನಕ್ಷತ್ರ ತೋರಿಸಲು ಅಷ್ಟೂ ಪಿಕ್ಸೆಲ್‌ನ ಹಿಂದಿನ ದೀಪ ಹತ್ತಬೇಕು. ನಕ್ಷತ್ರದ ಸುತ್ತ ಸಣ್ಣ ಪ್ರಭೆ ಕಾಣುತ್ತದೆ. ಇದು ಕೆಟ್ಟಿರುವ ಮಾನಿಟರ್ ಅಲ್ಲ, ಆ ಬಗೆಯ ಸ್ವಭಾವವೇ ಹಾಗೆ. ಕತ್ತಲೆ ಕೋಣೆಯ ಪರೀಕ್ಷೆಯಲ್ಲಿ ಬಿಳಿ ಚೌಕದ ಸುತ್ತ ಮಾತ್ರ ಮಸುಕು ಬೆಳಕು ಇದ್ದು, ದೂರದ ಮೂಲೆಗಳು ಪೂರ್ತಿ ಕಪ್ಪಾಗಿದ್ದರೆ ಸರಿಯಾಗಿದೆ ಎಂದೇ ಅರ್ಥ. ಪ್ರಭೆ ತುಂಬಾ ಜಾಸ್ತಿ ಅನಿಸಿದರೆ ಲೋಕಲ್ ಡಿಮ್ಮಿಂಗ್‌ನ ಮಟ್ಟವನ್ನು ಮೆನುವಿನಲ್ಲಿ ಬದಲಾಯಿಸಿ ನೋಡಿ.

ಇನ್ನೊಂದು ಓಲೆಡ್. ಇಲ್ಲಿ ಹಿಂದೆ ದೀಪವೇ ಇಲ್ಲ, ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕತ್ತಲೆ ಕೋಣೆಯಲ್ಲಿ ಬಿಳಿ ಚೌಕವೊಂದು ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ, ಪರದೆ ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ. ರಾತ್ರಿ ಆಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಓಲೆಡ್‌ಗೂ ತನ್ನದೇ ದೂರುಗಳಿವೆ. "ಹಿಮದ ಬಯಲು ಬಂದ ತಕ್ಷಣ ಪರದೆ ಮಂಕಾಗುತ್ತೆ, ಕೆಟ್ಟಿದೆಯಾ?" ಎಂದು ಕೇಳುತ್ತಾರೆ. ಕೆಟ್ಟಿಲ್ಲ. ಎಷ್ಟೋ ಓಲೆಡ್ ಮಾನಿಟರ್‌ಗಳು ಪರದೆಯ ನೂರರಲ್ಲಿ ಎರಡು ಮೂರು ಪಾಲಿನಷ್ಟು ಚಿಕ್ಕ ಜಾಗದಲ್ಲಿ 1000 ನಿಟ್ಸ್ ಕೊಡುತ್ತವೆ. ಇಡೀ ಪರದೆ ಬಿಳಿಯಾದರೆ 250ರ ಆಸುಪಾಸಿಗೆ ಇಳಿಯುತ್ತವೆ. ಬಿಸಿ ಮತ್ತು ವಿದ್ಯುತ್ತನ್ನು ಹಿಡಿತದಲ್ಲಿ ಇಡಲು ಹಾಗೆ ಮಾಡಿದ್ದಾರೆ. ಇವುಗಳ ಮೆನುವಿನಲ್ಲಿ ಸಾಮಾನ್ಯವಾಗಿ ಎರಡು ಎಚ್‌ಡಿಆರ್ ಮೋಡ್ ಇರುತ್ತವೆ, ಒಂದು ಟ್ರೂ ಬ್ಲ್ಯಾಕ್ 400, ಇನ್ನೊಂದು ಪೀಕ್ 1000. ಎರಡನೆಯದರಲ್ಲಿ ಕಿಡಿಗಳು ಮಿನುಗುತ್ತವೆ, ಆದರೆ ಕೆಲವು ಮಾನಿಟರ್‌ಗಳಲ್ಲಿ ಬೆಳಕು ತುಂಬಿದ ದೃಶ್ಯ ಮೊದಲನೆಯದಕ್ಕಿಂತ ಮಂಕಾಗುತ್ತದೆ. ಮೋಡ್ ಬದಲಾಯಿಸಿದರೆ ಕ್ಯಾಲಿಬ್ರೇಷನ್ ಆ್ಯಪನ್ನು ಮತ್ತೆ ಓಡಿಸಲೇಬೇಕು, ಹಳೆಯ ಸಂಖ್ಯೆ ಹೊಸ ಮೋಡಿಗೆ ಹೊಂದುವುದಿಲ್ಲ. ಕಿಟಕಿಯ ಬೆಳಕು ನೇರ ಬೀಳುವ ಜಾಗದಲ್ಲಿ ಕ್ಯೂಡಿ ಓಲೆಡ್ ಬಗೆಯ ಪರದೆಯ ಕಪ್ಪು ತಿಳಿಯಾಗುತ್ತದೆ, ಕಿಟಕಿಗೆ ಕರ್ಟನ್ ಹಾಕಿ ನೋಡಿ. ದಿನಕ್ಕೆ ಹತ್ತು ಗಂಟೆ ಒಂದೇ ಟೂಲ್‌ಬಾರ್ ಇಟ್ಟು ಕೆಲಸ ಮಾಡುವವರಿಗೆ ಕಲೆ ಉಳಿಯುವ ಭಯವೂ ನಿಜ. ಅಂಥವರಿಗೆ ಮಿನಿ ಎಲ್‌ಇಡಿ ವಾಸಿ.

ಗೇಮ್ ಕನ್ಸೋಲ್ ಇದ್ದವರಿಗೆ ಮೂರನೇ ದಾರಿಯೂ ಇದೆ: ಓಲೆಡ್ ಅಥವಾ ಮಿನಿ ಎಲ್‌ಇಡಿ ಟಿವಿ. ಕೂರುವ ದೂರ ಒಪ್ಪಿಗೆಯಾದರೆ ಅದೂ ಅಷ್ಟೇ ಒಳ್ಳೆಯದು.

ಕೈಯಲ್ಲಿರುವ ಅಗ್ಗದ ಮಾನಿಟರಿಗೆ ಏನು ಮಾಡೋದು

ವಾಪಸ್ ಕೊಡುವ ಅವಧಿ ಮುಗಿದಿಲ್ಲ, ಎಚ್‌ಡಿಆರ್‌ಗಾಗಿಯೇ ತಗೊಂಡಿದ್ದೀರಿ ಅಂದರೆ, ಕತ್ತಲೆ ಕೋಣೆಯ ಪರೀಕ್ಷೆ ಇವತ್ತೇ ಮಾಡಿ. ಕ್ಯಾಲಿಬ್ರೇಷನ್ ಆಮೇಲೆ ಮಾಡಿದರಾಯಿತು. ಕಪ್ಪು ಸಮನಾಗಿ ಬೆಳಗಿದರೆ, ಮೆನುವಿನಲ್ಲಿ ಲೋಕಲ್ ಡಿಮ್ಮಿಂಗ್ ಇಲ್ಲದಿದ್ದರೆ, ಇನ್ನು ಯಾವ ಡ್ರೈವರ್ ಅಪ್‌ಡೇಟಿಗೂ ಕಾಯಬೇಡಿ.

ನಾವು ಇದನ್ನೆಲ್ಲ ನೋಡಿ ಮುಗಿಸುವಷ್ಟರಲ್ಲಿ ತಮ್ಮನ ಅವಧಿ ಮುಗಿದಿತ್ತು. ಆ ಮಾನಿಟರ್ ಎಸ್‌ಡಿಆರ್ ಪರದೆಯಾಗಿ ಕೆಟ್ಟದ್ದೇನಲ್ಲ. ಬಣ್ಣ ಚೆನ್ನಾಗಿದೆ, 165 ಹರ್ಟ್ಸ್ ವೇಗ ಇದೆ. ವಿಂಡೋಸ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿದೆವು, ಗೇಮಿನಲ್ಲೂ ಆಫ್ ಮಾಡಿದೆವು. ಒಂದು ಕಡೆ ಮಾತ್ರ ಆಫ್ ಮಾಡಿದರೆ ಕೆಲವು ಗೇಮ್‌ಗಳು ತಾವಾಗಿಯೇ ಮತ್ತೆ ಆನ್ ಮಾಡಿಬಿಡುತ್ತವೆ. ಮಾನಿಟರಿನ ಮೆನುವಿನಲ್ಲಿ ಎಚ್‌ಡಿಆರ್ ಎಫೆಕ್ಟ್ ಎಂಬ ಚಿತ್ರದ ಮೋಡ್ ಇತ್ತು. ಅದು ಎಚ್‌ಡಿಆರ್ ಅಲ್ಲವೇ ಅಲ್ಲ, ಬಣ್ಣವನ್ನೂ ಅಂಚನ್ನೂ ಸುಮ್ನೆ ಏರಿಸುತ್ತದೆ. ಅದನ್ನು ತೆಗೆದು ಸ್ಟ್ಯಾಂಡರ್ಡ್ ಮೋಡ್ ಹಾಕಿ, ಗಾಮಾ 2.2 ಇಟ್ಟೆವು. ರಾತ್ರಿಗೆ ಬ್ರೈಟ್‌ನೆಸ್ ಕಡಿಮೆ, ಹಗಲಿಗೆ ಹೆಚ್ಚು.

ಮಾನಿಟರಿನ ಹಿಂದೆ ಗೋಡೆಯ ಕಡೆಗೆ ಒಂದು ಮಂದ ಬಿಳಿ ದೀಪವನ್ನೂ ಇಟ್ಟೆವು. ಕಣ್ಣು ಪೂರ್ತಿ ಕತ್ತಲಿಗೆ ಹೊಂದಿಕೊಂಡರೆ ಸೋರುವ ಬೆಳಕು ಎದ್ದು ಕಾಣುತ್ತದೆ. ಹಿಂದಿನ ಗೋಡೆ ಸ್ವಲ್ಪ ಬೆಳಗಿದ್ದರೆ ಅದೇ 0.12 ನಿಟ್ಸ್ ಕಣ್ಣಿಗೆ ಕಪ್ಪಾಗಿಯೇ ತೋರುತ್ತದೆ. ಮತ್ತೆ ಆ ಕಾಡಿನ ಸೇವ್ ತೆರೆದು ನೋಡಿದೆವು. ಲಾಟೀನಿನ ಜ್ವಾಲೆಯಲ್ಲಿ ಹೊಳಪು ಕಡಿಮೆ, ಆದರೆ ಮರಗಳ ಹಿಂದೆ ರಾತ್ರಿ ರಾತ್ರಿಯ ಹಾಗೇ ಇತ್ತು.